ಹೆಡ್‌ಸೆಟ್‌ಗೆ ಒಂದೇ ಪಿನ್, ಕಂಪ್ಯೂಟರ್‌ಗೆ ಎರಡು ತೂತು

"ಮೊಬೈಲ್‌ನಲ್ಲಿ ಚೆನ್ನಾಗಿರೋ ಹೆಡ್‌ಸೆಟ್ ಡೆಸ್ಕ್‌ಟಾಪ್‌ಗೆ ಹಾಕಿದ್ರೆ ನಂಗೆಲ್ಲ ಕೇಳುತ್ತೆ, ನನ್ನ ಮಾತು ಮಾತ್ರ ಯಾರಿಗೂ ಕೇಳಲ್ಲ. ಮೈಕ್ ಹೋಗಿದೆಯಾ ಸರ್?"

ಹೋಗಿರುವ ಸಾಧ್ಯತೆ ಕಡಿಮೆ. ಮೊದಲು ಪಿನ್ ನೋಡಿ. ಮೂರು ಕಪ್ಪು ಗೆರೆ ಇದ್ದರೆ ಅದರಲ್ಲಿ ಲೋಹದ ಭಾಗ ನಾಲ್ಕು: ಎಡ ಕಿವಿ, ಬಲ ಕಿವಿ, ಗ್ರೌಂಡ್, ಮೈಕ್. ಡೆಸ್ಕ್‌ಟಾಪ್‌ನ ಹಸಿರು ಜ್ಯಾಕ್ ಮೂರು ಭಾಗದ ಪಿನ್‌ಗಾಗಿ ಮಾಡಿದ್ದು, ಅಲ್ಲಿ ಮೈಕ್‌ಗೆ ದಾರಿಯೇ ಇಲ್ಲ. ಹಾಗಂತ ಮೈಕ್‌ಗೆಂದೇ ಇರುವ ಗುಲಾಬಿ ಜ್ಯಾಕ್‌ಗೆ ಹಾಕಿದರೂ ಆಗದು. ಮೈಕ್ ಸಿಗಬೇಕೆಂದು ಅದು ಕಾಯುವುದು ಪಿನ್ನಿನ ತುದಿಯಲ್ಲಿ. ನಿಮ್ಮ ಪಿನ್ನಿನ ತುದಿಯಲ್ಲಿರುವುದು ಎಡ ಕಿವಿಯ ಸ್ಪೀಕರ್.

ಇದಕ್ಕೆ ಸ್ಪ್ಲಿಟರ್ ಸಾಕು. ಆದರೆ ಅಂಗಡಿಯಲ್ಲಿ ಆ ಹೆಸರಲ್ಲಿ ಎರಡು ಬೇರೆ ವಸ್ತು ಸಿಗುತ್ತವೆ. ಆನ್‌ಲೈನ್ ಪಾಠ ಮಾಡುವ ಕ್ಯಾತ್ಸಂದ್ರದ ಮೇಷ್ಟ್ರೊಬ್ಬರು ತುಮಕೂರಿನಿಂದ ಒಂದನ್ನು ತಂದಿದ್ದರು. ಅದಕ್ಕೆ ಒಂದು ಪಿನ್, ಎರಡು ತೂತು. ಇಬ್ಬರು ಒಂದೇ ಮೊಬೈಲ್‌ನಲ್ಲಿ ಹಾಡು ಕೇಳಲು ಮಾಡಿದ್ದು ಅದು. ಅವರಿಗೆ ಬೇಕಿದ್ದದ್ದು ಅದರ ಉಲ್ಟಾ: ಹೆಡ್‌ಸೆಟ್ ಹೋಗಲು ಒಂದು ತೂತು, ಕಂಪ್ಯೂಟರ್‌ಗೆ ಹೋಗಲು ಎರಡು ಪಿನ್. ಆ ಪಿನ್‌ಗಳಲ್ಲಿ ಎರಡೆರಡೇ ಕಪ್ಪು ಗೆರೆ ಇರಬೇಕು, ಒಂದರ ಮೇಲೆ ಹೆಡ್‌ಫೋನ್ ಚಿತ್ರ, ಇನ್ನೊಂದರ ಮೇಲೆ ಮೈಕ್ ಚಿತ್ರ ಇರುತ್ತದೆ. ಅದನ್ನು ಬದಲಾಯಿಸಿ ತಂದು, ಹೆಡ್‌ಫೋನ್ ಪಿನ್ ಹಸಿರಿಗೆ, ಮೈಕ್ ಪಿನ್ ಗುಲಾಬಿಗೆ ಹಾಕಿದೆವು. ಆದರೂ ಮೈಕ್ ಬರಲಿಲ್ಲ! ನಾವು ಹಾಕಿದ್ದು ಕ್ಯಾಬಿನೆಟ್ ಮುಂಭಾಗದ ಜ್ಯಾಕ್‌ಗಳಿಗೆ, ಅವುಗಳ ವೈರನ್ನು ಕಂಪ್ಯೂಟರ್ ಜೋಡಿಸಿದವರು ಮದರ್‌ಬೋರ್ಡ್‌ಗೆ ಸಿಕ್ಕಿಸಿಯೇ ಇರಲಿಲ್ಲ. ಹಿಂದಿನ ಜ್ಯಾಕ್‌ಗಳಿಗೆ ಹಾಕಿದ ಕೂಡಲೇ ಬಂತು.

ಬಂತಾ ಎಂದು ನೋಡಲು ಯಾರಿಗೂ ಕಾಲ್ ಮಾಡಬೇಕಿಲ್ಲ. ವಿಂಡೋಸ್ 11ರಲ್ಲಿ Settings > System > Sound ತೆರೆದು, Input ಕೆಳಗೆ ನಿಮ್ಮ ಮೈಕ್ ಆರಿಸಿ ಮಾತಾಡಿ. ಅಲ್ಲಿ ಮೈಕ್‌ನ ಸದ್ದು ತೋರಿಸುವ ಗೆರೆ ಅಲುಗಾಡಿದರೆ ಮೈಕ್ ಸರಿಯಾಗಿದೆ.

ಜ್ಯಾಕೇ ಸಡಿಲವಾಗಿದ್ದರೆ, ಅಥವಾ ಸದಾ ಗುಂಯ್ ಅಂತ ಸದ್ದು ಬರುತ್ತಿದ್ದರೆ, ನಾನು ಸುಮ್ನೆ ಯುಎಸ್‌ಬಿ ಅಡಾಪ್ಟರ್ ತಗೊಳ್ಳಿ ಅಂತೀನಿ. ಅದು ಪುಟ್ಟ ಸೌಂಡ್ ಕಾರ್ಡ್. ಕಂಪ್ಯೂಟರ್‌ನ ಜ್ಯಾಕ್‌ಗಳ ಗೊಡವೆಯೇ ಇಲ್ಲ, ಸಾಮಾನ್ಯವಾಗಿ ಬೇರೆ ಡ್ರೈವರ್ ಕೂಡ ಬೇಡ. ಕೊಳ್ಳುವಾಗ ಒಂದೇ ತೂತಿದ್ದು, ಹೆಡ್‌ಸೆಟ್‌ಗೆ ಎಂದು ಬರೆದದ್ದನ್ನೇ ಕೇಳಿ. ಹಸಿರು, ಗುಲಾಬಿ ಎಂದು ಎರಡು ತೂತಿರುವುದನ್ನು ತಂದರೆ ಅದಕ್ಕೂ ಸ್ಪ್ಲಿಟರ್ ಬೇಕಾಗುತ್ತದೆ. ಹಾಕಿದ ಮೇಲೆ Output, Input ಎರಡರಲ್ಲೂ ಅದನ್ನೇ ಆರಿಸಿ. ಝೂಮ್‌ನಂಥ ಆ್ಯಪ್‌ಗಳಲ್ಲಿ ಮೈಕ್ ಆಯ್ಕೆ ಬೇರೆಯೇ ಇರುತ್ತದೆ, ಅಲ್ಲೂ ಬದಲಾಯಿಸಿ.

ಇನ್ನು ಕ್ಯಾಬಿನೆಟ್‌ನಲ್ಲಿ ಒಂದೇ ಜ್ಯಾಕ್ ಇದ್ದು, ಪಕ್ಕದಲ್ಲಿ ಮೈಕ್ ಸಮೇತ ಹೆಡ್‌ಸೆಟ್ ಚಿತ್ರ ಇದ್ದರೆ ಏನನ್ನೂ ಕೊಳ್ಳಬೇಡಿ. ನೇರವಾಗಿ ಅಲ್ಲಿಗೇ ಹಾಕಿ ನೋಡಿ.