ಮೊದಲ ವಾಕ್ಯದಲ್ಲೇ ಹೇಳಿದೆ

14 ತಿಂಗಳ ಯೋಜನೆ ನಿಂತುಹೋಯಿತೆಂದು ಇಂದು ತಂಡಕ್ಕೆ ಹೇಳಬೇಕಿತ್ತು. ಪೀಠಿಕೆ ಹಾಕಲಿಲ್ಲ. "ನಮ್ಮ ಯೋಜನೆ ರದ್ದಾಗಿದೆ, ಇದು ಅಂತಿಮ ತೀರ್ಮಾನ. ಗ್ರಾಹಕರು ಹಣ ನಿಲ್ಲಿಸಿದ್ದಾರೆ. ನಿಮ್ಮ ಕೆಲಸದಲ್ಲಿ ಕೊರತೆಯಿರಲಿಲ್ಲ. ಯಾರ ಉದ್ಯೋಗವೂ ಹೋಗುವುದಿಲ್ಲ. ಯಾರು ಯಾವ ತಂಡಕ್ಕೆ ಎಂಬುದು ಇನ್ನೂ ನಿರ್ಧಾರವಾಗಿಲ್ಲ, ಶುಕ್ರವಾರ ಒಬ್ಬೊಬ್ಬರೊಂದಿಗೂ ಮಾತನಾಡುತ್ತೇನೆ" ಎಂದೆ.

ಆಮೇಲೆ ಸುಮ್ಮನಾದೆ. 'ಎಲ್ಲವೂ ಒಳ್ಳೆಯದಕ್ಕೇ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅದು ಅವರ ನೋವಿಗಲ್ಲ, ನನ್ನ ಮುಜುಗರಕ್ಕೆ ಮದ್ದು. ಆ ಮೌನ ಅವರಿಗೆ ಸೇರಿದ್ದು.

ತುಸು ಹೊತ್ತಿನ ಮೇಲೆ ತಂಡದ ಅತಿ ಕಿರಿಯಳು ಕೇಳಿದಳು: "ಸರ್, ನಾವು ಬರೆದದ್ದನ್ನೆಲ್ಲ ಅಳಿಸಿಬಿಡುತ್ತಾರೆಯೇ?" ಇಲ್ಲ, ಈ ವಾರವೆಲ್ಲ ಅದನ್ನು ದಾಖಲಿಸಿ ಜೋಪಾನ ಮಾಡೋಣ ಎಂದೆ. ಅವಳ ಕಣ್ಣು ತುಂಬಿತ್ತು. ನನ್ನದೂ.