ದಿನಕ್ಕೆ ಒಂದು ಗಂಟೆ ಕೆಲಸ: ಒಳ್ಳೆಮೆಣಸಿನ ತೊಟ್ಟೆ ಗಿಡ

"ಆಪರೇಷನ್ ಆಗಿದೆ. ದಿನಕ್ಕೆ ಒಂದೆರಡು ಗಂಟೆಗಿಂತ ಜಾಸ್ತಿ ಕೂತಿರ್ಲಿಕ್ಕೆ ಆಗುವುದಿಲ್ಲ. ಮನೆಯಲ್ಲೇ ನಾಲ್ಕು ಕಾಸು ಬರುವ ಕೆಲಸ ಏನಾದ್ರೂ ಉಂಟಾ ಅಣ್ಣಾ?" ಎಂದು ಒಬ್ಬರು ಕೇಳಿದರು.

ನಾನು ಮಾಡಿದ್ದು ಒಳ್ಳೆಮೆಣಸಿನ ತೊಟ್ಟೆ ಗಿಡ, ಅಂದರೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬೆಳೆಸಿದ ಕರಿಮೆಣಸಿನ ಸಸಿ. ನಮ್ಮ ಕಾಸರಗೋಡು ಕಡೆ ಮೊದಲ ಮಳೆ ಬಿದ್ದ ಕೂಡಲೇ ಅಡಿಕೆ ಮರದ ಬುಡಕ್ಕೆ ಬಳ್ಳಿ ನೆಡುವವರು ಬೇಕಾದಷ್ಟು ಜನ ಇದ್ದಾರೆ. ಗಿರಾಕಿಯನ್ನು ಹುಡುಕಿಕೊಂಡು ಹೋಗಬೇಕಿಲ್ಲ.

ಮೆಣಸಿನ ಬಳ್ಳಿಯ ಬುಡದಿಂದ ನೆಲದ ಮೇಲೆ ಹರಿಯುವ ಹಬ್ಬು ಬಳ್ಳಿ ಬೇಕು. ಅದನ್ನು ಮಣ್ಣಿಗೆ ತಾಗದ ಹಾಗೆ ಕೋಲಿಗೆ ಸುತ್ತಿಟ್ಟಿರಬೇಕು, ಇಲ್ಲದಿದ್ದರೆ ಅಲ್ಲಲ್ಲೇ ಬೇರು ಬಿಡುತ್ತದೆ. ಫೆಬ್ರವರಿ-ಮಾರ್ಚಿನಲ್ಲಿ ಕೊಯ್ದು, ಎಳೆಯ ತುದಿಯನ್ನೂ ತೀರಾ ಬಲಿತ ಬುಡವನ್ನೂ ಬಿಟ್ಟು, ಎರಡು-ಮೂರು ಗೆಣ್ಣಿನ ತುಂಡು ಮಾಡಬೇಕು. ಎಲೆ ಕತ್ತರಿಸಿ, ತೊಟ್ಟು ಉಳಿಸಬೇಕು. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹುಡಿ ಸೆಗಣಿ ಗೊಬ್ಬರ ಬೆರೆಸಿ ತೊಟ್ಟೆಗೆ ತುಂಬಿಸಬೇಕು. ತುಂಡು ನೆಟ್ಟಾಗ ಒಂದು ಗೆಣ್ಣಾದರೂ ಮಣ್ಣೊಳಗೆ ಇರಬೇಕು.

ನನಗೆ ಡಾಕ್ಟರು ಭಾರ ಎತ್ತಬಾರದು ಎಂದಿದ್ದರು. ಹಾಗಾಗಿ ಖಾಲಿ ತೊಟ್ಟೆಗಳನ್ನು ಚಪ್ಪರದಡಿ ಅವುಗಳ ಜಾಗದಲ್ಲೇ ಸಾಲಾಗಿ ನಿಲ್ಲಿಸಿದೆ. ತಮ್ಮ ಮಣ್ಣು ತಂದು ಪಕ್ಕದಲ್ಲಿ ರಾಶಿ ಹಾಕಿದ. ನಾನು ಮಣೆಯ ಮೇಲೆ ಕೂತು ಗೆರಟೆಯಲ್ಲಿ ತುಂಬಿಸಿದೆ. ಗಂಟೆಗೆ ಹದಿನೈದು. ಹತ್ತು ದಿನಕ್ಕೆ 150 ಆಯಿತು. ಸುಸ್ತಾದ ದಿನ ಸುಮ್ನೆ ಮಲಗಿದೆ, ಮಣ್ಣು ಕಾದಿತ್ತು.

ಕಾಯದೇ ಇರುವುದು ನೀರು. ಮಾರ್ಚಿನ ಬಿಸಿಲಲ್ಲಿ ಒಂದು ದಿನವೂ ತಪ್ಪಿಸುವಂತಿಲ್ಲ. ನೀವು ಮಲಗಿದರೆ ಹಾಕುವವರೊಬ್ಬರು ಬೇಕೇ ಬೇಕು. ನನಗೆ ಜ್ವರ ಬಂದಾಗ ಅಮ್ಮ ಪ್ರೀತಿಯಿಂದ ಬಕೆಟ್ ಬಕೆಟ್ ಹೊಯ್ದರು. ಒಂದು ಮೂಲೆಯಲ್ಲಿ ಎಲೆಗೆ ಕಪ್ಪು ಕಲೆ ಬಂದು, ಕಾಂಡ ಕೊಳೆಯಿತು. ಸೊರಗು ರೋಗ. ಕಂಡ ಕೂಡಲೇ ಆ ತೊಟ್ಟೆಗಳನ್ನು ದೂರ ಹಾಕಿ, ನೀರು ಕಡಿಮೆ ಮಾಡಿ, ಉಳಿದವಕ್ಕೆ ಶೇಕಡಾ ಒಂದರ ಬೋರ್ಡೋ ದ್ರಾವಣ ಸಿಂಪಡಿಸಿದೆವು.

ಇನ್ನೊಂದು ಮೋಸ ಉಂಟು. ತುಂಡಿನಲ್ಲಿರುವ ಸತ್ವದಿಂದಲೇ ಮೊದಲ ಚಿಗುರು ಬರುತ್ತದೆ, ಬೇರು ಇನ್ನೂ ಇರುವುದಿಲ್ಲ. ಆಗ ಮಾರಿದರೆ ತೋಟದಲ್ಲಿ ಸಾಯುತ್ತದೆ, ಮರುವರ್ಷ ಯಾರೂ ಬರುವುದಿಲ್ಲ. ಮೂರು-ನಾಲ್ಕು ಎಲೆ ಬರಲಿ. ಮೆಲ್ಲ ಎಳೆದು ನೋಡಿ, ಅಲುಗಬಾರದು.

ನನಗೆ ಉಳಿದದ್ದು 104 ಗಿಡ. ತಲಾ 15 ರೂಪಾಯಿಯಂತೆ 1560. ಖರ್ಚು 400 ಕಳೆದು 1160. ನಾಲ್ಕು ತಿಂಗಳಿಗೆ! ಮಾತ್ರೆ ಖರ್ಚಿಗೂ ಸಾಲಲಿಲ್ಲ. ಮರುವರ್ಷ 400 ತೊಟ್ಟೆ ಮಾಡಿ 4000 ಕಂಡೆ. ಸಂಬಳ ಅಂತ ಲೆಕ್ಕ ಹಾಕಿದರೆ ಬೇಜಾರಾಗುತ್ತದೆ.

ಕೀಮೋ ಆಗುತ್ತಿರುವವರು, ಅಂಗ ಕಸಿ ಮಾಡಿಸಿಕೊಂಡವರು ಮಣ್ಣು-ಸೆಗಣಿ ಮುಟ್ಟುವ ಮೊದಲು ಡಾಕ್ಟರನ್ನು ಕೇಳಿ. ಗ್ಲೌಸ್ ಹಾಕಿದರೂ ಕೇಳಿ. ಅವರು ಬೇಡ ಎಂದರೆ ಈ ಕೆಲಸ ನಿಮಗಲ್ಲ.