ಒಂಬತ್ತು ಸಾಲಿನ ಮೇಲ್‌ನಲ್ಲಿ ತಾರೀಖೇ ಇರಲಿಲ್ಲ

ದೀಪಾವಳಿಗೆ ಮುಂಚಿನ ವಾರಗಳಲ್ಲಿ ನಮ್ಮ ಪ್ರೆಸ್‌ನಲ್ಲಿ ಸ್ವೀಟ್ ಬಾಕ್ಸ್‌ಗಳದ್ದೇ ಕೆಲಸ. ಪ್ರಿಂಟ್‌ಗೆ ಮುಂಚೆ ನೋಡಿ ಒಪ್ಪಿಗೆ ಕೊಡಲಿ ಅಂತ ಒಬ್ಬ ಅಂಗಡಿ ಮಾಲೀಕರಿಗೆ ಅರ್ಧ ಕೆಜಿ ಬಾಕ್ಸಿನ ಪ್ರೂಫ್ ಮೇಲ್ ಮಾಡಿದ್ದೆ. ಎರಡು ದಿನ ಉತ್ತರ ಬರಲಿಲ್ಲ. ಫೋನ್ ಮಾಡಿದರೆ, "ಮೇಲ್ ನೋಡಿದೆ. ಆರಾಮಾಗಿ ಓದೋಣ ಅಂತ ಬಿಟ್ಟಿದ್ದೆ. ಅರ್ಜೆಂಟಾ?" ಅಂದರು. ಅಷ್ಟರಲ್ಲಿ ಮಷಿನ್ ಬೇರೆ ಆರ್ಡರಿಗೆ ಹೋಗಿತ್ತು.

ನಮ್ಮ ಹಿರಿಯ ಮೇಡಂ ಆ ಮೇಲ್ ತೆಗೆಸಿ ಓದಿದರು. ಒಂಬತ್ತು ವಾಕ್ಯ. ಮೊದಲನೆಯದು "ಹೋಪ್ ದಿಸ್ ಮೇಲ್ ಫೈಂಡ್ಸ್ ಯು ವೆಲ್". ಆಮೇಲೆ "ನಿಮ್ಮ ಆರ್ಡರ್ ಬಗ್ಗೆ ಈ ಮೇಲ್ ಬರೆಯುತ್ತಿದ್ದೇನೆ". ಮೊಬೈಲಿನಲ್ಲಿ ಮೇಲ್ ತೆರೆಯುವ ಮೊದಲು ಕಾಣುವುದು ಇಷ್ಟೇ. ಕೊನೆಗೆ "ಕೈಂಡ್ಲಿ ಡು ದ ನೀಡ್‌ಫುಲ್", "ಏನೇ ಸಂದೇಹವಿದ್ದರೂ ಸಂಕೋಚವಿಲ್ಲದೆ ಕರೆ ಮಾಡಿ", "ನಿಮ್ಮ ಸಹಕಾರಕ್ಕೆ ಮುಂಚಿತವಾಗಿ ಧನ್ಯವಾದ".

"ಈ ಸಾಲನ್ನು ಬೇರೆ ಯಾರಿಗಾದರೂ ಹೀಗೇ ಕಳಿಸಬಹುದಾ? ಕಳಿಸಬಹುದು ಅಂದ್ರೆ ತೆಗೀರಿ," ಅಂದರು. ತೆಗೆಯುತ್ತಾ ಹೋದೆ. ಫೋನ್ ನಂಬರ್ ಸಹಿಯ ಕೆಳಗೆ ಇದ್ದೇ ಇತ್ತು, ಹಾಗಾಗಿ ಕರೆಯ ಸಾಲೂ ಹೋಯಿತು. ಉಳಿದದ್ದು ಎರಡೇ: ಪ್ರೂಫ್ ಲಗತ್ತಿಸಿದ್ದೇನೆ, ನೋಡಿ ಆದಷ್ಟು ಬೇಗ ತಿಳಿಸಿ.

ನನಗೆ ನಿಜಕ್ಕೂ ಬೇಸರವಾಗಿದ್ದು ಆಗ. ಯಾವಾಗ ಬೇಕು, ಏನು ನೋಡಬೇಕು, ತಡವಾದರೆ ಏನಾಗುತ್ತದೆ, ಒಂದನ್ನೂ ನಾನು ಬರೆದಿರಲಿಲ್ಲ. ಮೇಲ್ ಉದ್ದವಾಗಿದ್ದರಿಂದ ಎಲ್ಲ ಹೇಳಿದ್ದೇನೆ ಅನ್ನಿಸಿತ್ತು.

ಹೊಸದಾಗಿ ಬರೆದೆ. ಸಬ್ಜೆಕ್ಟ್‌ನಲ್ಲೇ "ಬಾಕ್ಸ್ ಪ್ರೂಫ್: ಗುರುವಾರ 12 ಗಂಟೆಯೊಳಗೆ ಒಪ್ಪಿಗೆ ಬೇಕು" ಅಂತ ಹಾಕಿದೆ. ಒಳಗೆ ಹೀಗಿತ್ತು:

"ಅರ್ಧ ಕೆಜಿ ಬಾಕ್ಸಿನ ಪ್ರೂಫ್ ಲಗತ್ತಿಸಿದ್ದೇನೆ. ಗುರುವಾರ ಮಧ್ಯಾಹ್ನ 12ರೊಳಗೆ ಒಪ್ಪಿಗೆ ಕೊಟ್ಟರೆ ಶುಕ್ರವಾರ ಪ್ರಿಂಟ್ ಆಗುತ್ತದೆ. ತಡವಾದರೆ ಮಷಿನ್ ಸಿಗುವುದು ಮುಂದಿನ ಮಂಗಳವಾರ. 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಮತ್ತು ಅಂಗಡಿ ವಿಳಾಸವನ್ನು ದಯವಿಟ್ಟು ಒಮ್ಮೆ ಓದಿ ನೋಡಿ. ಪ್ಲೇಟ್ ಆದಮೇಲೆ ತಪ್ಪು ಸಿಕ್ಕರೆ ಹೊಸ ಪ್ಲೇಟ್ ಮಾಡಿಸಬೇಕಾಗುತ್ತದೆ."

ಕತ್ತರಿಸುವ ಭರದಲ್ಲಿ "ನಮಸ್ಕಾರ ಸರ್" ಕೂಡ ತೆಗೆದಿದ್ದೆ. ಮೇಡಂ ಅದನ್ನು ವಾಪಸ್ ಹಾಕಿಸಿದರು. ಎರಡೇ ಪದ, ಯಾರ ದಾರಿಗೂ ಅಡ್ಡ ಬರಲ್ಲ, ಅಲ್ವಾ? ಮೊದಲಿನವರು ಕಾಗದದಲ್ಲಿ "ಇತ್ತ ನಾವೆಲ್ಲ ಕ್ಷೇಮ" ಅಂತ ಬರೆಯುತ್ತಿದ್ದರು. ಆ ಕಾಲಕ್ಕೆ ಅದೇ ಸುದ್ದಿ. ಓದುವವರು ಅದಕ್ಕೇ ಕಾಯುತ್ತಿದ್ದರು. ನಾನು ಹಾಕಿದ್ದ "ಹೋಪ್" ಸಾಲಿಗೆ ಯಾರೂ ಕಾದಿರಲಿಲ್ಲ.

ಇಪ್ಪತ್ತು ನಿಮಿಷದಲ್ಲಿ ಉತ್ತರ ಬಂತು: "ಲೈಸೆನ್ಸ್ ನಂಬರಿನ ಕೊನೆಯ ಎರಡು ಅಂಕಿ ಅದಲುಬದಲಾಗಿವೆ. ಸರಿ ಮಾಡಿ. ಉಳಿದದ್ದು ಓಕೆ."